ಮೂವತ್ತೊಂದನೇ ಪುಟದ ಅಂಗಿ

ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಆಮೇಲೆ ಪುಸ್ತಕಗಳನ್ನು ಮಡಚಿದೆ, ಅಂಟಿಸಿದೆ, ಕತ್ತರಿಸಿದೆ, ಓದಲಿಲ್ಲ. ಆದರೂ ನಮ್ಮ ಪ್ರಕಾಶನಕ್ಕೆ ಬರುವ ಕಾದಂಬರಿಗಳಲ್ಲಿ ಯಾವುದು ಅಚ್ಚಾಗಬೇಕು, ಯಾವುದು ವಾಪಸ್ಸು ಹೋಗಬೇಕು ಎನ್ನುವುದಕ್ಕೆ ಹದಿನೆಂಟು ವರ್ಷ ನನ್ನ ಕೈಗಳನ್ನೂ ಕೇಳುತ್ತಿದ್ದರು. ಬರೆದವರು ಎಂಥವರೆಂದು ಬಾಯನ್ನು ಯಾರೂ ಕೇಳಿರಲಿಲ್ಲ. ಕೇಳದೆ ನಾನೇ ಒಂದು ಸಲ ಬಾಯಿ ಹಾಕಿದೆ. ಒಬ್ಬ ಹೆಂಗಸಿನ ಹನ್ನೊಂದು ವರ್ಷದ ಕೆಲಸ ಅದರಿಂದ ಹಾಳಾಯಿತು.

ಅವರನ್ನು ನಾವೆಲ್ಲ ಪ್ರೂಫಕ್ಕ ಎನ್ನುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ಮಾಳಿಗೆಯಲ್ಲಿ ಪ್ರಕಾಶನದ ಯಜಮಾನರ ಕೋಣೆಗೆ ಅಂಟಿಕೊಂಡ ಸಣ್ಣ ಜಾಗದಲ್ಲಿ ಅವರ ಮೇಜು. ಬೆಳಗಿನಿಂದ ಊಟದ ಹೊತ್ತಿನವರೆಗೆ ಪ್ರೂಫು ತಿದ್ದುವುದು, ಊಟದ ಮೇಲೆ ಹೊಸ ಹಸ್ತಪ್ರತಿ ಓದುವುದು. ಸೀಸದ ಕಡ್ಡಿಯನ್ನು ಜಡೆಗೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಒಂದು ಕೊಂಬು ಕಡಿಮೆಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಔಷಧಿ ಅಂಗಡಿಯ ಬೋರ್ಡಿನಲ್ಲಿದ್ದ ತಪ್ಪನ್ನು ಆರು ವರ್ಷ ಸಹಿಸಿಕೊಂಡು, ಏಳನೇ ವರ್ಷ ತಾವೇ ಬಣ್ಣದ ಡಬ್ಬಿ ತಂದುಕೊಟ್ಟು ತಿದ್ದಿಸಿದರು. ಅಂಗಡಿಯವನು ಇವತ್ತಿಗೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಾನೆ, ಭಕ್ತಿಯಿಂದಲೋ ಭಯದಿಂದಲೋ ತಿಳಿಯದು.

ನಮ್ಮ ಬೈಂಡಿಂಗ್ ವಿಭಾಗ ಕೆಳಗೆ. ಉದ್ದನೆಯ ಮೇಜು, ಮೇಲೆ ತಿರುಗಲೋ ಬೇಡವೋ ಎನ್ನುವ ಫ್ಯಾನು, ಮೂಲೆಯಲ್ಲಿ ಕಟಿಂಗ್ ಮಷಿನ್, ಗೋಡೆಗೆ ರದ್ದಿ ಕಾಗದದ ಕಟ್ಟುಗಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಫಾರಂ ಎನ್ನುತ್ತೇವೆ. ಅದನ್ನು ಮಡಚಿ, ಪಟ್ಟಿಯಿಂದ ಮಡಿಕೆ ತೀಡಿ ಅಡಕಿಟ್ಟರೆ ಹದಿನಾರು ಪುಟ. ನಾನು ಮಡಚುತ್ತಿದ್ದೆ, ಎದುರಿಗೆ ಕೂತು ಹೊಲಿಯುತ್ತಿದ್ದವಳು ದಾರದಮ್ಮ. ಅವಳ ಸೂಜಿಗಿಂತ ನಾಲಿಗೆ ಚೂಪು. ನನ್ನ ಸಿಟ್ಟು ನೋಡಿ ‘ಬೆಂಕಿಪೊಟ್ಟಣ’ ಎಂದು ಹೆಸರಿಟ್ಟವಳೂ ಅವಳೇ.

ಮಧ್ಯಾಹ್ನ ಮೂರಕ್ಕೆ ಅಕ್ಕ ಹಸ್ತಪ್ರತಿ ಹಿಡಿದು ಕೆಳಗೆ ಬರುತ್ತಿದ್ದರು. ಬರೆದವರ ಹೆಸರಿದ್ದ ಹಾಳೆಯನ್ನು ಮೊದಲೇ ತೆಗೆದು ಡ್ರಾಯರಿನಲ್ಲಿಟ್ಟಿರುತ್ತಿದ್ದರು. ಸ್ಟೂಲು ಎಳೆದುಕೊಂಡು ಮೊದಲ ಇಪ್ಪತ್ತು ಪುಟ ಗಟ್ಟಿಯಾಗಿ ಓದುವರು. ನಾವು ನಮ್ಮ ಪಾಡಿಗೆ ಕೆಲಸ ಮಾಡಬೇಕು. ಓದುತ್ತಲೇ ಅವರು ನಮ್ಮ ಕೈ ನೋಡುತ್ತಿದ್ದರು. ಮಡಚುವ ಕೈ ನಿಂತರೆ ಆ ಸಾಲಿನ ಪಕ್ಕ ಒಂದು ಗೀಟು. ನಿಂತ ಕೈ ಮತ್ತೆ ಓಡಿದರೆ ಅಲ್ಲೊಂದು ಸೊನ್ನೆ. ದಾರದಮ್ಮ ನೀರು ಕೇಳಿದರೆ ಎರಡು ಸೊನ್ನೆ.

“ಊಟ ಆಗಿ ಕಣ್ಣು ಎಳೆಯೋ ಹೊತ್ತಲ್ಲಿ ಓದ್ತೀರಲ್ಲಕ್ಕ, ಬೆಳಿಗ್ಗೆ ಓದಬಾರದಾ?” ಎಂದು ಒಮ್ಮೆ ಕೇಳಿದ್ದೆ.

“ಪುಸ್ತಕ ಕೊಂಡವರು ಸ್ನಾನ ಮಾಡಿ ಚಕ್ಕಳಮಕ್ಕಳ ಹಾಕಿ ಕೂತು ಓದ್ತಾರೆ ಅಂದ್ಕೊಂಡ್ಯೇನೋ? ಬಸ್ಸಲ್ಲಿ ನೇತಾಡ್ಕೊಂಡು, ಹಾಲು ಉಕ್ಕತ್ತೇನೋ ಅಂತ ಒಂದು ಕಣ್ಣು ಒಲೆ ಮೇಲಿಟ್ಟು ಓದ್ತಾರೆ. ಈ ಹೊತ್ತಲ್ಲಿ ನಿನ್ನ ಹಿಡಿದು ಕೂರಿಸೋ ಪುಟ ಎಲ್ಲಿ ಬೇಕಾದರೂ ನಿಲ್ಲತ್ತೆ” ಎಂದರು.

ಹೀಗೆ ಕೇಳಿ ಕೇಳಿಯೇ ನನಗೆ ಒಂದಷ್ಟು ತಿಳಿಯಿತು. ಒಂದು ಕಾದಂಬರಿ ಶುರುವಾಗುವುದೇ ರೈಲು ಉರುಳುವುದರಿಂದ. ಚೀರಾಟ, ಬೆಂಕಿ, ರಕ್ತ. ನನ್ನ ಕೈ ನಿಂತಿತು. ಎರಡನೇ ಪುಟದ ಹೊತ್ತಿಗೆ ತಾನೇ ಓಡತೊಡಗಿತು. ಅಕ್ಕ ಸೊನ್ನೆ ಹಾಕಿ ಕೇಳಿದರು, “ಅಷ್ಟು ಜನ ಸಾಯ್ತಿದ್ದಾರೆ, ನೀನು ಮಡಚ್ತಾ ಕೂತಿದ್ದೀಯಲ್ಲೋ ಕಟುಕ?”

“ಯಾರು ಸತ್ತರು ಅಂತ ಗೊತ್ತಾದರೆ ತಾನೇ ಅಳೋದು?” ಎಂದೆ.

“ಅಷ್ಟೇ ನೋಡು. ಸದ್ದು ಮಾಡಿದರೆ ತಲೆ ತಿರುಗಿಸ್ತಾರೆ. ತಿರುಗಿಸಿದ ತಲೆ ಅಲ್ಲೇ ನಿಲ್ಲಬೇಕಾದರೆ ಅಲ್ಲಿ ಒಬ್ಬ ಮನುಷ್ಯ ಬೇಕು. ಅವನಿಗೆ ಏನೋ ಬೇಕಾಗಿರಬೇಕು.”

ಇನ್ನೊಂದು ಕಾದಂಬರಿಯಲ್ಲಿ ರೈಲೂ ಇಲ್ಲ, ಬೆಂಕಿಯೂ ಇಲ್ಲ. ಒಬ್ಬಳು ಮನೆಗೆ ಬೀಗ ಹಾಕುತ್ತಾಳೆ, ಎಳೆದು ನೋಡುತ್ತಾಳೆ, ನಾಲ್ಕು ಹೆಜ್ಜೆ ಹೋಗಿ ವಾಪಸ್ಸು ಬಂದು ಬೀಗ ತೆಗೆದು, ಬಾಗಿಲನ್ನು ಬರಿದೇ ಮುಂದೆ ಎಳೆದುಕೊಂಡು ಹೊರಟುಬಿಡುತ್ತಾಳೆ. ಅಷ್ಟೇ. ಆ ದಿನ ನಾನು ಫಾರಂ ಹಿಡಿದವನು ಹಿಡಿದಂತೆಯೇ ಇದ್ದೆ. ದಾರದಮ್ಮ ಸೂಜಿಯಿಂದ ಬೆರಳು ಚುಚ್ಚಿಕೊಂಡಳು. ಬೀಗ ಯಾಕೆ ತೆಗೆದಳು, ಯಾರು ಬರಲಿ ಎಂದು? ಅಕ್ಕ ಇದನ್ನು ‘ಓದುಗನ ಕೈಗೆ ಒಂದು ಪ್ರಶ್ನೆ ಕೊಟ್ಟು ಕಳಿಸೋದು’ ಎನ್ನುತ್ತಿದ್ದರು. ಪ್ರಶ್ನೆ ಬೇರೆ, ಗೊಂದಲ ಬೇರೆ. ಯಾರು ಏನು ಎಲ್ಲಿ ಎಂದೇ ತಿಳಿಯದಿದ್ದರೆ ಅದು ಗೊಂದಲ, ಜನ ಎದ್ದು ಹೋಗುತ್ತಾರೆ. ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದ್ದು ಒಂದು ಮಾತ್ರ ತಿಳಿಯದಿದ್ದರೆ ಪುಟ ಮಗುಚುತ್ತಾರೆ. ಮತ್ತೆ, ಮೊದಲ ಪುಟದಲ್ಲಿ ಕೇಳಿದ ಪ್ರಶ್ನೆಗೂ ಕೊನೆಗೂ ಸಂಬಂಧವೇ ಇಲ್ಲದಿದ್ದರೆ ಅದು ಮೋಸ.

ಇಪ್ಪತ್ತು ಪುಟ ನಮಗೆ ಓದಿ ಹೇಳಿದರೂ ಬರೆದವರಿಗೆ ಪತ್ರ ಹಾಕುವ ಮೊದಲು ಪೂರ್ತಿ ಹಸ್ತಪ್ರತಿ ಓದುತ್ತಿದ್ದರು, ಎಷ್ಟೇ ಕೆಟ್ಟದಾಗಿದ್ದರೂ. “ಮನೆ ಎಷ್ಟು ದೊಡ್ಡದು ಅಂತ ನೋಡದೆ ಬಾಗಿಲು ಸಣ್ಣದಾಯ್ತು ಅನ್ನೋಕೆ ನಾನ್ಯಾರು? ಎಷ್ಟೋ ಸಲ ಬಾಗಿಲು ಕೆಟ್ಟದ್ದಲ್ಲ, ಗೋಡೆಯ ತಪ್ಪು ಜಾಗದಲ್ಲಿ ಇಟ್ಟಿರ್ತಾರೆ. ಮೂರನೇ ಅಧ್ಯಾಯದಲ್ಲಿ ಇರಬೇಕಾದ್ದು” ಎನ್ನುವರು. ಪತ್ರದಲ್ಲಿ ‘ಚೆನ್ನಾಗಿಲ್ಲ’ ಎಂಬ ಮಾತು ಇರುತ್ತಿರಲಿಲ್ಲ. ಇಂಥ ಪುಟದ ಇಂಥ ಸಾಲಿಗೆ ಕೇಳುವವರ ಕೈ ನಿಂತಿತು, ಇಂಥ ಸಾಲಿಗೆ ಬಿಟ್ಟುಹೋಯಿತು. ಅಲ್ಲಿ ನೀವು ಹುಡುಗನನ್ನು ನೀರಿನಲ್ಲಿ ಬಿಟ್ಟು ಅವನ ತಾತನ ವಿಚಾರ ಎತ್ತಿದಿರಿ. ತಾತ ಎಲ್ಲಿ ಬೇಕಾಗುತ್ತಾರೆ ನೋಡಿ, ಅಲ್ಲಿಗೆ ಕರೆಸಿ. ಹೀಗೆ. ಪುಟದ ಬಗ್ಗೆ ಎಷ್ಟು ಬೇಕಾದರೂ ಹೇಳಬಹುದು, ಬರೆದವರ ಬಗ್ಗೆ ಒಂದು ಮಾತೂ ಕೂಡದು. ಬೈಂಡಿಂಗ್ ಮೇಜಿಗೆ ಇದ್ದ ಕಾನೂನು ಅದೊಂದೇ.

ಆ ಕಾನೂನು ಮುರಿದವನು ನಾನು.

ಆ ದಿನ ಅಕ್ಕ ತಂದದ್ದು ಅವರದೇ ಕಾದಂಬರಿ. ಇದು ನನಗೆ ತಿಳಿದದ್ದು ಏಳು ತಿಂಗಳ ಮೇಲೆ. ಆದರೂ ಈಗಲೇ ಹೇಳಿಬಿಡುತ್ತೇನೆ. ಹೇಳಬೇಕಾದ್ದನ್ನು ಬೇಕೆಂದೇ ಬಚ್ಚಿಟ್ಟು ಕೊನೆಗೆ ಬಿಚ್ಚಿ ತೋರಿಸುವುದು ಅಕ್ಕನಿಗೆ ಆಗದ ಕೆಲಸ. ಹನ್ನೊಂದು ವರ್ಷದಿಂದ, ದಿನಾ ಬೆಳಿಗ್ಗೆ ಕೆಲಸಕ್ಕೆ ಬರುವ ಮೊದಲು ಒಂದು ಗಂಟೆ ಕೂತು ಬರೆದದ್ದು. ಯಾರಿಗೂ ಹೇಳಿರಲಿಲ್ಲ. ಯಜಮಾನರಿಗೆ ನೇರವಾಗಿ ಕೊಟ್ಟಿದ್ದರೆ ಅವರು ಕಣ್ಣು ಮುಚ್ಚಿ ಅಚ್ಚು ಹಾಕುತ್ತಿದ್ದರು. ಆದರೆ ಎಲ್ಲರ ಹಸ್ತಪ್ರತಿ ಯಾವ ಮೇಜಿಗೆ ಬರುತ್ತದೋ ತಮ್ಮದೂ ಅಲ್ಲಿಗೇ ಬರಬೇಕು, ಅಲ್ಲಿ ನಿಂತರೆ ಮಾತ್ರ ಮೇಲೆ ಹೋಗಬೇಕು ಎಂದು ಅವರ ಹಟ. ಹಾಳೆಗಳನ್ನು ಎಂದಿನಂತೆ ರಟ್ಟಿನ ಫೈಲಿನೊಳಗೆ ಹಿಡಿದಿದ್ದರು. ಅಕ್ಷರ ನಮಗೆ ಕಾಣುತ್ತಿರಲಿಲ್ಲ.

ನನಗೆ ಆ ದಿನ ಬೆಳಿಗ್ಗೆಯಿಂದಲೇ ತಲೆ ಕೆಟ್ಟಿತ್ತು. ಕಟಿಂಗ್ ಮಷಿನ್ನಿನ ಅಳತೆಪಟ್ಟಿ ಜಾರಿ ಒಂದು ಅಡಕು ರಕ್ಷಾಪುಟ ಓರೆಯಾಗಿ ತುಂಡಾಗಿತ್ತು. ಯಜಮಾನರು ಎಲ್ಲರ ಮುಂದೆ ಜಾಡಿಸಿದ್ದರು. ಆ ಸಿಟ್ಟನ್ನು ಫಾರಂಗಳ ಮೇಲೆ ತೀರಿಸಿಕೊಳ್ಳುತ್ತ ಮಡಚುತ್ತಿದ್ದೆ.

ಅಕ್ಕ ಓದತೊಡಗಿದರು. ಒಂದು ಹಳೆಯ ಮನೆ. ಅದನ್ನು ಯಾರು ಕಟ್ಟಿಸಿದರು, ತೊಲೆ ಎಲ್ಲಿಂದ ಬಂತು, ಕಟ್ಟಿಸಿದವರ ಅಣ್ಣತಮ್ಮಂದಿರು ಎಷ್ಟು ಜನ, ಯಾರು ಯಾವ ಕೋಣೆ ಹಿಡಿದರು. ಒಂದು ವಾಕ್ಯಕ್ಕೂ ಹೆಸರಿಡುವಂತಿಲ್ಲ, ಅಷ್ಟು ನಯ. ಪಾಲಿಶ್ ಮಾಡಿದ ನೆಲದ ಹಾಗೆ, ಕಾಲೂರಲು ಜಾಗವಿಲ್ಲ. ಐದು ಪುಟ, ಹತ್ತು ಪುಟ. ನನ್ನ ಕೈ ಒಂದು ಸಲವೂ ನಿಲ್ಲಲಿಲ್ಲ. ದಾರದಮ್ಮ ಮೂರು ಸಲ ನೀರು ಕುಡಿದಳು.

ಹದಿನಾಲ್ಕನೇ ಪುಟಕ್ಕೆ ನಾನು ಮಡಿಕೆಪಟ್ಟಿಯನ್ನು ಮೇಜಿನ ಮೇಲೆ ಬಡಿದೆ. “ಸಾಕು ಬಿಡಿ ಅಕ್ಕ! ಇನ್ನೂ ಎಷ್ಟು ಕೋಣೆ ಇದೆಯಂತೆ ಆ ಮನೇಲಿ?”

ದಾರದಮ್ಮ ಕಿಸಕ್ಕೆಂದಳು. “ಹಿತ್ತಲು ಬಾಕಿ ಇದೆಯಲ್ಲೋ, ಅವಸರ ಪಡಬೇಡ.”

ಅಕ್ಕ ನಗಲಿಲ್ಲ. “ಎಲ್ಲಿ ಬಿಟ್ಟುಹೋಯ್ತು ನಿನಗೆ?” ಎಂದು ಎಂದಿನಂತೆಯೇ ಕೇಳಿದರು. ಧ್ವನಿ ಮಾತ್ರ ಸ್ವಲ್ಪ ಸಣ್ಣದಾಗಿತ್ತು. ಆಗ ನಾನದನ್ನು ಗಮನಿಸಲಿಲ್ಲ.

“ಹಿಡಿದಿದ್ದರೆ ತಾನೇ ಬಿಡೋಕೆ? ಇದನ್ನ ಬರೆದ ಪುಣ್ಯಾತ್ಮ ಯಾರೋ ಏನೋ, ಅವನಿಗೆ ಹೇಳೋಕೆ ಏನೂ ಇಲ್ಲ. ಏನೂ ಅನುಭವಿಸಿಲ್ಲ. ಮನೇಲಿ ಕೂತು ತೊಲೆ ಎಣಿಸಿದ್ದಾನೆ. ಇಂಥವರು ಯಾಕಕ್ಕ ಬರೀಬೇಕು? ಕಾಗದಕ್ಕೂ ದಂಡ, ಇಂಕಿಗೂ ದಂಡ!”

“ಲೋ, ಬರೆದವರ ಸುದ್ದಿ ಯಾಕೋ?” ಎಂದಳು ದಾರದಮ್ಮ. ನಗು ನಿಂತಿತ್ತು ಅವಳದು.

“ನಿಜ ಹೇಳಿದರೆ ಎಲ್ಲರಿಗೂ ಉರಿ” ಎಂದು ನಾನು ಇನ್ನೂ ಏರಿದೆ. “ಅಕ್ಕನೂ ಸುಮ್ಮನೆ ಸಕ್ಕರೆ ಹಚ್ಚಿ ಪತ್ರ ಬರೀತಾರೆ. ಒಬ್ಬನಿಗಾದರೂ ನೆಟ್ಟಗೆ ಬರೆದು ಕಳಿಸಿ, ನಿನ್ನ ಕೈಲಿ ಇದಾಗಲ್ಲ ಅಂತ.”

ಅಕ್ಕ ಫೈಲು ಮುಚ್ಚಿದರು. ಇಪ್ಪತ್ತು ಪುಟ ಮುಗಿಸದೆ ಅವರು ಮೇಲೆ ಹೋದದ್ದು ಅದೇ ಮೊದಲು. ಮೆಟ್ಟಿಲ ಬಳಿ ನಿಂತು, “ಆಯ್ತು ಕಣೋ, ನೆಟ್ಟಗೇ ಬರೀತೀನಿ” ಎಂದರು.

ಮರುದಿನ ಓದಲು ಬರಲಿಲ್ಲ. ಕಣ್ಣು ಸರಿಯಿಲ್ಲ ಎಂದರು. ವಾರವಾಯಿತು, ತಿಂಗಳಾಯಿತು. ಹಸ್ತಪ್ರತಿಗಳನ್ನು ಮೇಲೆಯೇ ಒಬ್ಬರೇ ಓದಿ ಪತ್ರ ಹಾಕುತ್ತಿದ್ದರು. ನಾಲ್ಕು ತಿಂಗಳ ಮೇಲೆ ಕೆಲಸವನ್ನೇ ಬಿಟ್ಟು ತಂಗಿಯ ಮನೆಗೆ ಹೋದರು. ಯಜಮಾನರು ಶಾಲು ಹೊದಿಸಿ ಕಳಿಸಿದರು. ದಾರದಮ್ಮ ಅತ್ತಳು. ನಾನು ಕಟಿಂಗ್ ಮಷಿನ್ನಿಗೆ ಎಣ್ಣೆ ಹಾಕುತ್ತ ಮೂಲೆಯಲ್ಲೇ ಉಳಿದೆ, ವಿದಾಯದ ಮಾತೆಲ್ಲ ನನಗೆ ಬರುವುದಿಲ್ಲ ಎಂದುಕೊಂಡು.

ಮೂರು ತಿಂಗಳು ಕಳೆಯಿತು. ಗ್ರಂಥಾಲಯಗಳಿಗೆ ಹೋಗುವ ಕಾನೂನು ಪುಸ್ತಕಗಳ ಗಟ್ಟಿ ರಟ್ಟಿನ ಬೈಂಡಿಂಗ್ ಕೆಲಸ ಬಂತು. ಅಂಥ ಪುಸ್ತಕದ ಬೆನ್ನಿಗೆ, ರಟ್ಟು ಹಾಕುವ ಮೊದಲು, ಕಾಗದದ ಪಟ್ಟಿಯೊಂದನ್ನು ಗೋಂದು ಬಳಿದು ಅಂಟಿಸಬೇಕು. ಅದಕ್ಕೆ ಹೊಸ ಕಾಗದ ಯಾರೂ ಹಾಕುವುದಿಲ್ಲ. ಬರೆದವರು ವಾಪಸ್ಸು ಕೇಳದ ಹಸ್ತಪ್ರತಿಗಳು ರದ್ದಿಯಲ್ಲಿರುತ್ತವಲ್ಲ, ಅವೇ. ಒಂದು ಮಗ್ಗುಲು ಮಾತ್ರ ಬರೆದಿರುತ್ತಾರೆ. ಬರೆದ ಮಗ್ಗುಲಿಗೆ ಗೋಂದು, ಖಾಲಿ ಮಗ್ಗುಲು ಹೊರಗೆ. ಗೋಂದು ಬಳಿಯುವ ಭರದಲ್ಲಿ ಅಕ್ಷರ ಯಾರೂ ನೋಡುವುದಿಲ್ಲ. ಗೋಡೆ ಪಕ್ಕದಿಂದ ಒಂದು ಕಟ್ಟು ತಂದೆ. ಬಿಳಿ ದಾರದಲ್ಲಿ ಕಟ್ಟಿ ಮಕಾಡೆ ಮಲಗಿಸಿದ್ದರು. ಮೇಲಿನಿಂದ ಒಂದೊಂದು ಹಿಡಿ ಎತ್ತಿ ಮಷಿನ್ನಿಗೆ ಕೊಟ್ಟು ಮೂರು ಬೆರಳಗಲದ ಪಟ್ಟಿ ಮಾಡಿದೆ. ಮಕಾಡೆ ಇದ್ದ ಕಟ್ಟಿನ ಮೇಲಿರುವುದು ಕೊನೆಯ ಪುಟ. ಅಂದರೆ ನಾನು ಅಂತ್ಯದಿಂದ ಹಿಂದಕ್ಕೆ ಕತ್ತರಿಸುತ್ತಿದ್ದೆ.

ನಾಲ್ಕು ದಿನ ಆ ಪಟ್ಟಿಗಳಲ್ಲೇ ಕೆಲಸ ನಡೆಯಿತು. ಪುಸ್ತಕಗಳು ಲಾರಿ ಹತ್ತಿ ಹೋದವು. ಐದನೇ ದಿನ ಕಟ್ಟಿನಲ್ಲಿ ಉಳಿದಿದ್ದನ್ನು ಎತ್ತುವಾಗ ಕೈ ಜಾರಿ ಹಾಳೆಗಳು ಚೆಲ್ಲಿ ಅಕ್ಷರ ಮೇಲಾಗಿ ಬಿದ್ದವು. ಉದ್ದ ಬಾಲದ ‘ಳ’. ಪ್ರೂಫಿನ ಅಂಚಿನಲ್ಲಿ ಹದಿನೆಂಟು ವರ್ಷ ನೋಡಿದ ‘ಳ’.

ನೆಲದ ಮೇಲೆಯೇ ಕೂತೆ. ಕಣ್ಣಿಗೆ ಬಿದ್ದದ್ದು ಮೂವತ್ತೊಂದನೇ ಪುಟ.

ಅಮ್ಮ ತೀರಿಕೊಂಡು ತಿಂಗಳಾಗಿದೆ. ಹದಿನೈದು ವರ್ಷದ ಮಗಳು ಅಮ್ಮನ ಪರ್ಸಿನಲ್ಲಿ ಸಿಕ್ಕಿದ ದರ್ಜಿಯ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾಳೆ. ರವಿಕೆ ಇರಬೇಕೆಂದು ಅವಳ ಲೆಕ್ಕ. ದರ್ಜಿ ಚೀಟಿ ನೋಡಿ, ಅವಳನ್ನು ನೋಡಿ, ಒಳಗಿನಿಂದ ಒಂದು ಗಂಡಸರ ಅಂಗಿ ತಂದು ಮೇಜಿನ ಮೇಲಿಡುತ್ತಾನೆ. ತಿಳಿನೀಲಿ, ಎರಡು ಜೇಬು. ಹುಡುಗಿ ತೋಳನ್ನು ಬಿಡಿಸಿ ತನ್ನ ಕೈಯುದ್ದಕ್ಕೆ ಹಿಡಿಯುತ್ತಾಳೆ. ಅಪ್ಪನ ಅಂಗಿಗಳನ್ನು ಒಗೆದು ಹರವುವವಳು ಅವಳೇ. ಅಪ್ಪನ ತೋಳು ಎಷ್ಟುದ್ದ ಎಂದು ಅವಳಿಗೆ ಗೊತ್ತು. ಇದು ನಾಲ್ಕು ಬೆರಳು ಹೆಚ್ಚಿದೆ. “ಅಳತೆ ಸರಿ ಇದೆ ತಾನೇ?” ಎನ್ನುತ್ತಾನೆ ದರ್ಜಿ. ಹುಡುಗಿ, “ಸರಿ ಇದೆ” ಎಂದು ಅಂಗಿಯನ್ನು ಮಡಚಿ ಪುಸ್ತಕದ ಚೀಲದೊಳಗೆ, ಭೂಗೋಳದ ಪುಸ್ತಕದ ಕೆಳಗೆ ಇಡುತ್ತಾಳೆ.

ನಾನು ಅಲ್ಲಾಡಲಿಲ್ಲ. ದಾರದಮ್ಮ ಕರೆದದ್ದು ಕೇಳಿಸಲಿಲ್ಲ. ಮೂವತ್ತೊಂದರಿಂದ ಅರವತ್ತೆರಡರವರೆಗೆ ಬೆರಳಿಟ್ಟು ಓದಿದೆ. ಅರವತ್ತೆರಡನೇ ಪುಟದ ಕೊನೆಯಲ್ಲಿ ಹುಡುಗಿ ಆ ಅಂಗಿಯನ್ನು ಒಬ್ಬನ ಬೆನ್ನಿಗೆ ಹಿಡಿದು ನೋಡಬೇಕೆಂದು ಅವನ ಹಿಂದೆ ನಿಂತಿದ್ದಾಳೆ. ಅವನು ತಿರುಗುವುದರೊಳಗೆ ಪುಟ ಮುಗಿಯಿತು. ಅರವತ್ತಮೂರು ಇರಲಿಲ್ಲ. ಪಟ್ಟಿ ಹಾಕಿಡುವ ತೊಟ್ಟಿಯನ್ನು ಬುಡಮೇಲು ಮಾಡಿದೆ. ಇನ್ನೂ ಅಂಟಿಸದ ಆರೇಳು ಪಟ್ಟಿ ಸಿಕ್ಕವು. ಒಂದರಲ್ಲಿ ‘ಎಂದು ಅವಳು ಬಾಗಿಲ’ ಎಂದಿತ್ತು, ಇನ್ನೊಂದರಲ್ಲಿ ‘ನೀಲಿ’ ಎಂದು ಮಾತ್ರ. ಮಿಕ್ಕದ್ದೆಲ್ಲ ಕಾನೂನು ಪುಸ್ತಕಗಳ ಬೆನ್ನೊಳಗೆ, ನನ್ನದೇ ಗೋಂದಿನಲ್ಲಿ.

ಯಜಮಾನರ ಬಳಿ ಓಡಿದೆ. ಅವರಿಗೂ ಗೊತ್ತಿರಲಿಲ್ಲ. ಪತ್ರಗಳ ನಕಲಿನ ಫೈಲು ತೆಗೆದು ಹುಡುಕಿದರು. ನಾನು ಕೂಗಾಡಿದ ದಿನದ ತಾರೀಖಿನಲ್ಲಿ ಒಂದಿತ್ತು. ವಿಳಾಸ ಇಲ್ಲ. ಅಕ್ಕ ಬರೆದ ಪತ್ರಗಳಲ್ಲಿ ಎರಡೇ ಸಾಲಿನದು ಅದೊಂದೇ: ‘ಮೊದಲ ಅಧ್ಯಾಯ ಓದಿ ನೋಡಿದೆವು. ಬರೆದವರಿಗೆ ಹೇಳಲು ಏನೂ ಇಲ್ಲ ಎಂದು ತೋರುತ್ತದೆ.’

“ಇದೇನಯ್ಯ, ಇದು ಅವರ ಮಾತಿನ ಧಾಟಿಯಲ್ಲ” ಎಂದರು ಯಜಮಾನರು. ಯಾರ ಧಾಟಿ ಎಂದು ನಾನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರದ ತನಕ ಆ ಮೊದಲ ಮೂವತ್ತು ಪುಟ ಮತ್ತೆ ಮತ್ತೆ ಓದಿದೆ. ಕೆಟ್ಟದಾಗಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಹದಿನೇಳನೇ ಪುಟದಲ್ಲಿ, ಕೋಣೆಗಳ ವರ್ಣನೆಯ ನಡುವೆ, ಒಂದೇ ಒಂದು ಸಾಲು: ‘ಆ ಮನೆಯ ಹಿತ್ತಲ ಹಗ್ಗದ ಮೇಲೆ ಒಣಗುವ ಅಂಗಿಗಳಲ್ಲಿ ಯಾವುದು ಯಾರದೆಂದು ಅಮ್ಮನೊಬ್ಬಳೇ ಹೇಳಬಲ್ಲವಳಾಗಿದ್ದಳು.’ ನಾನು ಹದಿನಾಲ್ಕಕ್ಕೇ ಕೂಗಾಡಿದ್ದೆ. ಇನ್ನು ಮೂರು ಪುಟ ತಡೆದುಕೊಂಡಿದ್ದರೆ ಆ ಸಾಲಿಗೆ ಕೈ ನಿಲ್ಲುತ್ತಿತ್ತೋ ಏನೋ. ನಿಲ್ಲುತ್ತಿರಲಿಲ್ಲವೋ ಏನೋ. ಈಗ ಅದನ್ನು ಪರೀಕ್ಷೆ ಮಾಡಲು ಬರುವುದಿಲ್ಲ.

ತಂಗಿಯ ಮನೆ ಎರಡು ಬಸ್ಸಿನ ದೂರ. ಅಕ್ಕನ ಕೋಣೆ ಬೀದಿಯ ಕಡೆಗಿತ್ತು. ಮಂಚ, ಕಿಟಕಿ, ದಪ್ಪ ಗಾಜಿನ ಕನ್ನಡಕ. ನನ್ನನ್ನು ಕಂಡು ಮುಖ ಅರಳಿತು.

“ಬಾರೋ ಬೆಂಕಿಪೊಟ್ಟಣ. ಇನ್ನೂ ಕಡ್ಡಿ ಉಳಿದಿದೆಯೋ, ಎಲ್ಲ ಗೀರಿ ಮುಗಿಸಿದ್ಯೋ?”

ನಾನು ಹಾಳೆಗಳನ್ನು ಅವರ ಮುಂದಿಟ್ಟೆ. ಕಟ್ಟನ್ನು ಏನು ಮಾಡಿದೆನೆಂದು ಅಳುತ್ತಲೇ ಹೇಳಿದೆ. ಅಕ್ಕ ಹಾಳೆಗಳ ಅಂಚನ್ನು ಬೆರಳಿನಿಂದ ಸವರಿದರು.

“ರದ್ದಿಗೆ ಹಾಕಿದ್ದು ನಾನೇ ತಾನೇ” ಎಂದರು. “ಕತ್ತರಿಸೋದು ನಿನ್ನ ಕೆಲಸ. ಅದಕ್ಕೆ ಯಾಕೋ ಅಳೋದು?”

“ನಕಲು ಇಲ್ಲವಾ ಅಕ್ಕ?”

“ಯಾರಿಗೆ ಅಂತ ನಕಲು ಮಾಡ್ಲಿ?”

“ನಾನಾಡಿದ್ದು ತಪ್ಪು ಅಕ್ಕ.”

“ಅರ್ಧ ತಪ್ಪು. ಅಧ್ಯಾಯ ಕೆಟ್ಟದ್ದೇ. ಅದನ್ನ ನಲವತ್ತು ಸಲ ತಿದ್ದಿದ್ದೀನಿ, ಗೊತ್ತಾ? ಮಿಕ್ಕಿದ್ದೆಲ್ಲ ಒಂದೇ ಉಸಿರಲ್ಲಿ ಬಂತು. ಮೊದಲನೇದು ಮಾತ್ರ ದಿನಾ ತಿದ್ದೋದು. ಆ ಹುಡುಗಿನ ಒಂದೇ ಸಲಕ್ಕೆ ಜನರ ಮುಂದೆ ನಿಲ್ಲಿಸೋಕೆ ಭಯ ನನಗೆ. ಅವಳಮ್ಮನ್ನ ಜನ ಏನಂದ್ಕೋತಾರೋ ಅಂತ. ಅದಕ್ಕೇ ಮೊದಲು ಮನೆ, ಮನೆತನ ಎಲ್ಲ ಹೇಳಿ, ಕೇಳೋರ ಮನಸ್ಸು ಮೆದು ಮಾಡಿ ಆಮೇಲೆ ಕರೆಯೋಣ ಅಂತ. ಬೇರೆಯವರು ಹಾಗೆ ಮಾಡಿದಾಗೆಲ್ಲ ಪತ್ರ ಬರೆದೆ. ನಂದು ನನಗೆ ಕಾಣ್ಲಿಲ್ಲ ನೋಡು.”

ಆಗ ನಾನು, ಅವರು ಕಲಿಸಿದ ಹಾಗೆ, ಪುಟ ತೆಗೆದು ಬೆರಳಿಟ್ಟು ಹೇಳಿದೆ. “ಮೂವತ್ತೊಂದರಲ್ಲಿ ಇಲ್ಲಿ, ‘ಅಳತೆ ಸರಿ ಇದೆ ತಾನೇ’ ಅನ್ನೋ ಕಡೆ ಕೈ ನಿಂತಿತು. ಅವಳು ಸುಳ್ಳು ಹೇಳಿದಳಲ್ಲ, ಅಲ್ಲಿಂದ ನಾನು ಅವಳ ಕಡೆಯವನಾದೆ. ಅರವತ್ತೆರಡರವರೆಗೆ ಬಿಡಲೇ ಇಲ್ಲ. ಕಾದಂಬರಿ ಇಲ್ಲಿಂದಲೇ ಶುರುವಾಗಬೇಕಿತ್ತು ಅಕ್ಕ. ಮೊದಲ ಮೂವತ್ತು ಪುಟ ಕೈಲಿ ಮುಚ್ಚಿಟ್ಟು ನೋಡಿದೆ, ಏನೂ ಕಡಿಮೆ ಆಗಲ್ಲ. ಹದಿನೇಳರ ಈ ಹಗ್ಗದ ಸಾಲೊಂದು ಬೇಕು. ಮೂವತ್ತಮೂರರಲ್ಲಿ ಅವಳು ಅಂಗಿ ಬಚ್ಚಿಟ್ಟು ಮನೆಗೆ ಬಂದು ಹಿತ್ತಲ ಕಡೆ ನೋಡ್ತಾಳಲ್ಲ, ಅಲ್ಲಿ.”

ಅಕ್ಕನ ಕೈ ತಾನಾಗಿಯೇ ಜಡೆಗೆ ಹೋಯಿತು. ಕಡ್ಡಿ ಅಲ್ಲೇ ಇತ್ತು. ಹಾಳೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಮೂವತ್ತೊಂದನೇ ಪುಟದ ನೆತ್ತಿಯಲ್ಲಿ ‘ಒಂದು’ ಎಂದು ಬರೆದರು. ಹದಿನೇಳರ ಸಾಲಿಗೆ ಸುತ್ತು ಹಾಕಿ ಬಾಣದ ಗುರುತು ಎಳೆದರು. “ಮೂವತ್ತಮೂರರಲ್ಲಿ ಅಲ್ಲ, ಮೂವತ್ನಾಲ್ಕರಲ್ಲಿ ಬರಬೇಕು. ಅವಳು ಹಗ್ಗ ನೋಡಿದ ಮೇಲೆ” ಎಂದರು. “ಹೂಂ, ದರ್ಜಿಗೆ ಮಾತು ಜಾಸ್ತಿ ಆಯ್ತು, ಇದು ಹೋಗ್ಲಿ.” ಕಾಲು ಗಂಟೆ ಕನ್ನಡಕ ಮೇಲೆ ಕೆಳಗೆ ಮಾಡುತ್ತ, ತಮ್ಮಷ್ಟಕ್ಕೆ ಗೊಣಗುತ್ತ, ಹಳೆಯ ಅಕ್ಕನೇ ಆಗಿದ್ದರು. ನನಗೆ ಎಲ್ಲ ಸರಿಹೋಗುತ್ತದೆ ಎನ್ನಿಸಿತು. ಆಮೇಲೆ ಅರವತ್ತೆರಡು ಬಂತು. ಅಕ್ಕ ಅದನ್ನು ಮಗುಚಿದರು. ಕೆಳಗೆ ಮಂಚದ ಹೊದಿಕೆ ಮಾತ್ರ ಇತ್ತು.

“ಮುಂದಿನದನ್ನ ನೀವು ಬಾಯಲ್ಲಿ ಹೇಳಿ ಅಕ್ಕ, ನಾನು ಯಾರ ಕೈಲಾದರೂ ಬರೆಸ್ತೀನಿ.”

“ನೂರೈವತ್ತು ಪುಟ ಕಣೋ. ಒಂದೊಂದು ಮಾತಿಗೂ ಒಂದೊಂದು ಬೆಳಗು ಹೋಗಿದೆ. ಆ ಬೆಳಗುಗಳನ್ನ ಯಾರ ಕೈಲಿ ಬರೆಸ್ತೀಯಾ?” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. “ಈ ಕಣ್ಣಲ್ಲಿ ನನಗಂತೂ ಆಗಲ್ಲ.”

ಸ್ವಲ್ಪ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟೆ. “ಹೋಗಲಿ, ಅದೊಂದು ಹೇಳಿಬಿಡಿ. ಅಂಗಿ ಯಾರದು?”

ಅಕ್ಕ ನನ್ನನ್ನೇ ನೋಡಿದರು. ಬಾಯಿ ತೆರೆದರು. ಹೇಳುತ್ತಾರೆ ಎಂದುಕೊಂಡೆ.

“ನನಗೇ ಗೊತ್ತಾಗಿದ್ದು ನೂರ ತೊಂಬತ್ತನೇ ಪುಟಕ್ಕೆ” ಎಂದರು. “ಈಗ ಹೇಳಿದರೆ ಅದೊಂದು ಹೆಸರು ಅಷ್ಟೇ ಕಣೋ. ‘ಓಹ್, ಅವನದಾ’ ಅಂತೀಯ, ಬಸ್ಸು ಹತ್ತಿ ಹೋಗ್ತೀಯ. ಅದು ನಿನ್ನ ಎದೆಗೆ ತಾಗಬೇಕಾದರೆ ಮಧ್ಯದ ಅಷ್ಟೂ ಪುಟ ನೀನು ಅವಳ ಜೊತೆ ನಡೀಬೇಕಿತ್ತು.”

“ಆದರೂ ಹೇಳಿ ಅಕ್ಕ.”

“ಬೇಡ. ಅವಳಮ್ಮ ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು. ಸರಿಯಾಗಿ ಹೇಳೋಕೆ ಆಗದೆ ಇದ್ದ ಮೇಲೆ ನಾನ್ಯಾಕೆ ಬಾಯಿ ಬಿಡಲಿ?”

ತಂಗಿ ಟೀ ತಂದರು. ಅಕ್ಕ ಯಜಮಾನರ ಮಂಡಿನೋವಿನ ವಿಚಾರ, ದಾರದಮ್ಮನ ಮೊಮ್ಮಗಳ ವಿಚಾರ ಕೇಳಿದರು, ಹೇಳಿದೆ. ಹೊರಡುವಾಗ ಹಾಳೆಗಳನ್ನು ಜೋಡಿಸಿ ಅಂಚು ಕುಟ್ಟಿ ಸಮ ಮಾಡಿ ನನ್ನ ಕೈಗೇ ಕೊಟ್ಟರು. ಇಲ್ಲಿಟ್ಟರೆ ದಿನಾ ತಿದ್ದಬೇಕೆನಿಸುತ್ತದೆ, ಬೇಡ ಎಂದರು.

ಅಕ್ಕ ಇದ್ದಾರೆ. ಈಗ ಏನೂ ಕಾಣುವುದಿಲ್ಲ. ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ, ಯಾವುದಾದರೂ ಹೊಸ ಹಸ್ತಪ್ರತಿಯ ಮೊದಲ ಪುಟಗಳನ್ನು ತಡವರಿಸಿಕೊಂಡು ಓದಿ ಹೇಳುತ್ತೇನೆ. ಪೂರ್ತಿ ಓದಿದ್ದೀಯಾ ಎಂದು ಮೊದಲು ಕೇಳುತ್ತಾರೆ, ಓದಿಕೊಂಡೇ ಹೋಗಿರುತ್ತೇನೆ. ಆ ಅಂಗಿಯ ಮಾತನ್ನು ಮತ್ತೆ ಎತ್ತಿಲ್ಲ. ಕೆಲವು ದಿನ ಮಡಚುತ್ತಿರುವಾಗ ಆ ಹುಡುಗಿ ಅವನ ಬೆನ್ನ ಹಿಂದೆ ಅಂಗಿ ಹಿಡಿದು ನಿಂತಿರುವುದು ಕಣ್ಣಿಗೆ ಬರುತ್ತದೆ. ಅವನು ತಿರುಗುವುದಿಲ್ಲ. ತಿರುಗಿದ ಪುಟವನ್ನು ಕತ್ತರಿಸಿದವನು ನಾನೇ.